ನಾವೆಲ್ಲ ಇಲ್ಲಿ ಕ್ಷಮೆ

ನಮ್ಮ ರಸ್ತೆಯಲ್ಲಿ ಅವರನ್ನು ಒತ್ತಕ್ಷರ ಎಂದೇ ಕರೆಯುತ್ತಿದ್ದರು. ಎದುರಿಗೆ ‘ಬೋರ್ಡಿನವರು’, ಬೆನ್ನ ಹಿಂದೆ ‘ಒತ್ತಕ್ಷರ’. ಬೋರ್ಡು ಬರೆಯುವುದು ಅವರ ಕಸುಬು. ಬೇರೆಯವರು ಬರೆದ ಬೋರ್ಡಿನಲ್ಲಿ ತಪ್ಪು ಹುಡುಕುವುದು ಅದಕ್ಕಿಂತ ದೊಡ್ಡ ಕಸುಬು. ಹೊಸ ಅಂಗಡಿ ತೆರೆದವನು ಬಾಗಿಲಲ್ಲಿ ಬಲ್ಬು ಹಾಕಿ, ನೆಂಟರಿಷ್ಟರನ್ನೆಲ್ಲ ಸೇರಿಸಿ ಸಂಭ್ರಮದಲ್ಲಿ ನಿಂತಿದ್ದರೆ, ಇವರು ಎದುರಿನ ಫುಟ್‌ಪಾತಿನಲ್ಲಿ ಕೈಕಟ್ಟಿ ನಿಂತು ಬೋರ್ಡನ್ನೇ ನೋಡುತ್ತಿದ್ದರು. ಅಂಗಡಿಯವನು ನೆಂಟರನ್ನು ಬಿಟ್ಟು ತಾನೂ ತಲೆಯೆತ್ತಿ ಬೋರ್ಡು ನೋಡತೊಡಗುತ್ತಿದ್ದ.

“ಔಷಧಿಗೆ ಮಹಾಪ್ರಾಣ ಬೇಕಪ್ಪ. ನೀನು ದ ಹಾಕಿಸಿದ್ದೀಯ. ಪ್ರಾಣ ಉಳಿಸೋ ಅಂಗಡೀಲೇ ಪ್ರಾಣ ಕಮ್ಮಿ ಆದ್ರೆ ಹೇಗೆ?”

ಹೇಳಿದವರೇ ಹೊರಟು ಹೋಗುತ್ತಿದ್ದರು. ತಿದ್ದಿಕೊಡಲೇ ಎಂದು ಕೇಳುತ್ತಿರಲಿಲ್ಲ. ಕೇಳಿದ್ದರೆ ನಾಲ್ಕು ಕಾಸು ಸಿಗುತ್ತಿತ್ತು. ಆದರೆ ಆಗ ಅದು ವ್ಯಾಪಾರವಾಗುತ್ತಿತ್ತು, ಬುದ್ಧಿವಾದದ ಸುಖ ಹೋಗುತ್ತಿತ್ತು.

ಅವರ ಅಂಗಡಿ ಎಂದರೆ ಒಂದು ಕೋಣೆ. ಅದರ ಅರ್ಧದಲ್ಲಿ ಇವರ ಎನಾಮೆಲ್ ಡಬ್ಬಗಳು, ಟರ್ಪೆಂಟೈನ್ ವಾಸನೆ, ಗೆರೆ ಹೊಡೆಯುವ ಸುಣ್ಣದ ದಾರ, ಕೈ ನಡುಗದಂತೆ ಊರಿಕೊಳ್ಳುವ ಕೋಲು. ಇನ್ನರ್ಧದಲ್ಲಿ ಅವರ ಹೆಂಡತಿ ಛತ್ರಿ ರಿಪೇರಿ ಮಾಡುತ್ತಿದ್ದರು. ಮುರಿದ ಕಡ್ಡಿಗಳನ್ನು ತೆಗೆದು ಬೇರೆ ಕಡ್ಡಿ ಕಟ್ಟುವುದು, ಹರಿದ ಬಟ್ಟೆಗೆ ತೇಪೆ ಹಾಕುವುದು, ಮಳೆಯಿಲ್ಲದ ದಿನಗಳಲ್ಲಿ ಚೀಲದ ಜಿಪ್ಪು ಹೊಲಿಯುವುದು. ಅವರನ್ನು ಎಲ್ಲರೂ ಛತ್ರಿಯಮ್ಮ ಎನ್ನುತ್ತಿದ್ದರು. ಛತ್ರಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಅದೂ ಅವರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಬಾಯಿ ಬಿಡದೆ ಕೆಲಸ ಸಾಧಿಸಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಈ ಕಥೆಯ ಮುಕ್ಕಾಲು ಪಾಲು ನನಗೆ ಗೊತ್ತಾದದ್ದು ಅವರಿಂದಲೇ.

ಕೋಣೆಯ ಮೇಲೆ ಒಂದು ಬೋರ್ಡಿತ್ತು. ಮೊದಲು ಅದರಲ್ಲಿ “ಬೋರ್ಡು ಬರೆಯಲಾಗುವುದು. ತಂದೆ ಮತ್ತು ಮಗಳು” ಎಂದಿತ್ತು. ಮಗಳು ಕುಂಚ ಹಿಡಿದಾಗ ಇನ್ನೂ ಸ್ಟೂಲು ಹತ್ತಬೇಕಾದಷ್ಟು ಕುಳ್ಳಿ. ಇಪ್ಪತ್ತು ದಾಟುವ ಹೊತ್ತಿಗೆ ಅಪ್ಪನಿಗಿಂತ ಅವಳ ಕೈ ಚೆನ್ನಾಗಿದೆ ಎಂದು ರಸ್ತೆಯೆಲ್ಲ ಹೇಳುತ್ತಿತ್ತು. ಅಪ್ಪನೂ ಹೇಳುತ್ತಿದ್ದರು, ಅವಳು ಎದುರಿಗೆ ಇಲ್ಲದಾಗ. ಆಮೇಲೆ ಊರಿಗೆ ಫ್ಲೆಕ್ಸ್ ಬಂತು. ಮೂರು ದಿನದ ಬೋರ್ಡು ಮುಕ್ಕಾಲು ಗಂಟೆಯಲ್ಲಿ ಯಂತ್ರದಿಂದ ಉರುಳಿ ಬರತೊಡಗಿತು. ಮಗಳು, “ನಾವೂ ಒಂದು ಮಿಷಿನ್ ತಗೊಳ್ಳೋಣ ಅಪ್ಪ” ಎಂದಳು. ಅಪ್ಪ, “ನನ್ನ ಕೈ ಬಿದ್ದು ಹೋದ ಮೇಲೆ ತಗೋ” ಎಂದರು. ಅವಳು ಕಾಯಲಿಲ್ಲ. ಪಕ್ಕದ ರಸ್ತೆಯ ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದಳು.

ಮಾರನೆಯ ದಿನ ಒತ್ತಕ್ಷರ ಏಣಿ ಇಟ್ಟು ಹತ್ತಿದರು. ಹಾಡಹಗಲು, ರಸ್ತೆ ತುಂಬ ಜನ. ಕೆಲಸಕ್ಕೆ ಹೊರಟಿದ್ದ ಮಗಳು ಕೆಳಗೆ ನಿಂತು ನೋಡುತ್ತಿದ್ದಂತೆಯೇ, “ಮತ್ತು ಮಗಳು” ಎಂಬಲ್ಲಿಗೆ ಹಿನ್ನೆಲೆಯ ಹಳದಿ ಬಣ್ಣ ಬಳಿದುಬಿಟ್ಟರು. ಬೋರ್ಡಿನಲ್ಲಿ ಉಳಿದದ್ದು “ಬೋರ್ಡು ಬರೆಯಲಾಗುವುದು. ತಂದೆ.” ಹೊಸಬರು ಬಂದರೆ ಅದನ್ನು ಓದಿಕೊಂಡು “ತಂದೆಯವರೇ” ಎಂದೇ ಮಾತು ಶುರುಮಾಡುತ್ತಿದ್ದರು. ಇವರು ಮುಖ ಸಿಂಡರಿಸುತ್ತಿದ್ದರು.

ಮಗಳು ಆ ಫ್ಲೆಕ್ಸ್ ಅಂಗಡಿಯ ಯಂತ್ರ ನಡೆಸುವವನನ್ನೇ ಮದುವೆಯಾದಳು. ಇಬ್ಬರೂ ಬೇರೆ ದೇಶಕ್ಕೆ ಹೋದರು. ಅಲ್ಲಿ ಬಸ್ಸುಗಳ ಮೈಮೇಲೆ ಸ್ಟಿಕ್ಕರ್ ಅಂಟಿಸುವ ಕಂಪನಿಯಲ್ಲಿ ಅವರಿಗೆ ಕೆಲಸ. ಒಬ್ಬಳು ಮಗಳು ಹುಟ್ಟಿದಳು. ವಾರಕ್ಕೊಮ್ಮೆ ಛತ್ರಿಯಮ್ಮನ ಫೋನಿನಲ್ಲಿ ಆ ಮೊಮ್ಮಗಳ ಮುಖ ಕಾಣುತ್ತಿತ್ತು. ಮೊಮ್ಮಗಳ ಜೊತೆ ಒತ್ತಕ್ಷರರಿಗೆ ಯಾವ ಜಗಳವೂ ಇರಲಿಲ್ಲ. ಆದರೆ ಫೋನು ಹಿಡಿದಿರುತ್ತಿದ್ದವಳು ಮಗಳು. ಆದ್ದರಿಂದ ಇವರು ಹೆಂಡತಿಯ ಹಿಂದೆ, ಪರದೆಯಲ್ಲಿ ಒಂದು ಭುಜ ಮಾತ್ರ ಕಾಣುವಂತೆ ನಿಲ್ಲುತ್ತಿದ್ದರು. ಮಗು “ತಾತಾ” ಎಂದು ಕೂಗಿದರೆ ಭುಜ “ಹ್ಞೂಂ” ಎನ್ನುತ್ತಿತ್ತು. ಹೀಗೆ ಮಗುವಿಗೆ ಎಂಟು ವರ್ಷ ತುಂಬಿತು.

ಅಂಥ ಮನೆಗೆ ಒಂದು ದಿನ ಅಂಚೆಯವನು ಬಂದು, ಅಂಚಿನಲ್ಲಿ ಪಟ್ಟೆಗಳಿದ್ದ ಲಕೋಟೆ ಕೊಟ್ಟು ಹೋದ. ಮೇಲೆ ಬೇರೆ ದೇಶದ ಅಂಚೆಚೀಟಿ. ವಿಳಾಸ ಮಗಳ ಕೈಬರಹದಲ್ಲಿತ್ತು. ಒತ್ತಕ್ಷರರಿಗೆ ಅದು ನೋಡಿದ ಕೂಡಲೇ ಗೊತ್ತಾಯಿತು, ಆದರೂ “ಯಾರದೋ ಕಾಗದ ನೋಡು” ಎಂದು ಹೆಂಡತಿಯ ಕಡೆ ತಳ್ಳಿದರು. ಛತ್ರಿಯಮ್ಮನ ಬಾಯಲ್ಲಿ ಸೂಜಿ ಇತ್ತು. ಅವರು ಕಣ್ಣಿನಲ್ಲೇ ‘ನೀವೇ ಒಡೀರಿ’ ಎಂದರು. ಒಡೆದರು. ಒಳಗೆ ಮಡಿಸಿದ ರೂಲಿನ ಹಾಳೆ, ಪೆನ್ಸಿಲಿನ ದಪ್ಪ ದಪ್ಪ ಅಕ್ಷರ. ಕಾಗದ ಮಗುವಿನದು.

ಅಲ್ಲಿ ಮಕ್ಕಳಿಗೆ ಶನಿವಾರ ಕನ್ನಡ ಕಲಿಸುವ ತರಗತಿಯೊಂದಿತ್ತು. ಆ ವಾರದ ಪಾಠ, ಅಜ್ಜಿ ತಾತನಿಗೆ ಪತ್ರ ಬರೆಯುವುದು. ಟೀಚರಮ್ಮ ಬೋರ್ಡಿನ ಮೇಲೆ ಪತ್ರದ ತಲೆಭಾಗ ಬರೆದು ತೋರಿಸಿದ್ದಳು. ಬಲಗಡೆ ಮೇಲೆ ಊರು, ತಾರೀಖು. ಅದರ ಕೆಳಗೆ ಎಡಗಡೆ, ಪತ್ರ ಯಾರಿಗೋ ಅವರನ್ನು ಪ್ರೀತಿಯಿಂದ ಕರೆಯುವ ಸಾಲು. ಆಮೇಲೆ ನಮಸ್ಕಾರ. ದೊಡ್ಡವರಿಗಾದರೆ ನಮಸ್ಕಾರ, ಚಿಕ್ಕವರಿಗಾದರೆ ಆಶೀರ್ವಾದ, ಅದು ಅದಲುಬದಲಾಗಬಾರದು. ಅದಾದ ಮೇಲೆ ನಮ್ಮ ಕ್ಷೇಮ ಹೇಳಿ, ಅವರ ಕ್ಷೇಮ ಕೇಳಬೇಕು. ಆಮೇಲೆಯೇ ವಿಷಯ. ಕೊನೆಗೆ ‘ಇಂತಿ ನಿಮ್ಮ’ ಎಂದು ಹೇಳಿ ಹೆಸರು. ಮಕ್ಕಳು ತಲೆಭಾಗವನ್ನು ಹಾಗೆಯೇ ಕ್ಲಾಸಿನ ಪುಸ್ತಕಕ್ಕೂ ಕಾಗದಕ್ಕೂ ನಕಲು ಮಾಡಿ, ಕೆಳಗಿನದನ್ನು ಸ್ವಂತವಾಗಿ ಬರೆದು, ಆವತ್ತೇ ಅಂಚೆಗೆ ಹಾಕಬೇಕು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಒತ್ತಕ್ಷರರಿಗೆ ಕಂಡದ್ದು ಕಾಗದ ಮಾತ್ರ. ಅದು ಹೀಗಿತ್ತು:

“ಪೀತಿಯ ಅಜ್ಜಿ ಮತ್ತು ತತನವರಿಗೆ,

ನಿಮ್ಮ ಮುದ್ದಿನ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷಮೆ. ನಿಮ್ಮ ಕ್ಷಮೆ ತಿಳಿಸಿ ಪತ್ರ ಬರೆಯಿರಿ.

ನನಗೆ ಒಂದು ಹಲ್ಲು ಬಿತ್ತು. ಅಮ್ಮ ಬಸ್ಸಿಗೆ ಆನೆ ಅಂಟಿಸಿದಳು. ಬಾಗಿಲು ತೆಗೆದರೆ ಆನೆಗೆ ಹೊಟ್ಟೆ ಇಲ್ಲ. ತಾತ ನೀವು ಗೋಡೆ ಮೇಲೆ ಬರೆಯುತ್ತೀರಂತೆ. ನಾನು ಬರೆದರೆ ಬಯ್ಯುತ್ತಾರೆ. ನಿಮಗೆ ಯಾರು ಬಯ್ಯುವುದಿಲ್ಲವಾ.

ಇಂತಿ ನಿಮ್ಮ ಪುಟ್ಟಿ.”

ಒತ್ತಕ್ಷರರ ಕಣ್ಣು ಮೊದಲು ಹೋದದ್ದು ಪ್ರೀತಿಗೆ. “ಪ್ರೀತಿಗೆ ಒತ್ತೇ ಇಲ್ಲ” ಎಂದರು. ಆಮೇಲೆ ತಾತನ ದೀರ್ಘ. “ನನ್ನ ದೀರ್ಘಾನೂ ತಿಂದಿದಾಳೆ. ಕೆಳಗೆ ಸರಿಯಾಗಿ ಬರೆದಿದಾಳೆ, ಮೇಲೆ ಮರೆತಿದಾಳೆ. ಅಜ್ಜಿಗೆ ಮಾತ್ರ ಜ ಒತ್ತು ನೆಟ್ಟಗೆ ಬಂದಿದೆ ನೋಡು, ಅದೂ ನಿನ್ನ ಹೆಸರೇ ಮುಂದೆ.” ಆಮೇಲೆ ಮುಂದಿನ ಸಾಲಿಗೆ ಬಂದರು.

ನಾವೆಲ್ಲ ಇಲ್ಲಿ ಕ್ಷಮೆ.

ಇಲ್ಲಿ ಒಂದು ವಿಷಯ ಹೇಳಬೇಕು. ‘ಪೀತಿ’ ಎಂದರೆ ಏನೂ ಅಲ್ಲ, ಆದ್ದರಿಂದ ಅದು ತಪ್ಪೆಂದು ಯಾರಿಗೂ ಗೊತ್ತಾಗುತ್ತದೆ. ಆದರೆ ‘ಕ್ಷಮೆ’ ತಪ್ಪಿಲ್ಲದ ಪದ. ಮಗು ಮಾಡಿದ್ದು ಇಷ್ಟೇ: ‘ಕ್ಷೇಮ’ದಲ್ಲಿ ಕ್ಷಕ್ಕೆ ಹಾಕಬೇಕಾದ ಏತ್ವವನ್ನು ಮಕ್ಕೆ ಹಾಕಿ, ದೀರ್ಘವನ್ನು ದಾರಿಯಲ್ಲೆಲ್ಲೋ ಬೀಳಿಸಿತ್ತು. ಅಕ್ಷರ ಅವೇ ಎರಡು, ಏತ್ವ ಒಂದು ಮನೆ ಆಚೆ ಹೋಗಿ ಕೂತಿತ್ತು. ಊರಿನ ಬೋರ್ಡುಗಳ ತಪ್ಪನ್ನೆಲ್ಲ ಬೀದಿಯ ಆಚೆ ಬದಿಯಿಂದಲೇ ಹಿಡಿಯುತ್ತಿದ್ದ ಕಣ್ಣಿಗೆ ಇದು ತಪ್ಪಾಗಿ ಕಾಣಲೇ ಇಲ್ಲ. ಯಾಕೆ ಕಾಣಬೇಕು? ಹತ್ತು ವರ್ಷದ ಮೇಲಿನಿಂದ ಅವರು ಓದಬೇಕೆಂದು ಕಾದಿದ್ದ ಪದವೇ ಅದು.

“ಬಂದಳಲ್ಲ ದಾರಿಗೆ” ಎಂದರು ಮೆಲ್ಲಗೆ.

“ಯಾರು?” ಎಂದರು ಛತ್ರಿಯಮ್ಮ, ಸೂಜಿ ತೆಗೆದು.

“ಇನ್ಯಾರು? ನಿನ್ನ ಮಗಳು. ನೋಡು, ತಾನು ಕೇಳೋಕೆ ಮುಖ ಇಲ್ಲ, ಮಗು ಕೈಲಿ ಕೇಳಿಸಿದಾಳೆ. ನಾವೆಲ್ಲ ಅಂತಿದೆ, ಅಳಿಯನೂ ಸೇರಿ. ಕೇಳುತ್ತೇವೆ ಅನ್ನೋ ಕ್ರಿಯಾಪದ ಮಗು ನುಂಗಿದೆ, ಹೋಗ್ಲಿ, ಚಿಕ್ಕದು.”

ಛತ್ರಿಯಮ್ಮ ಹಾಳೆ ತೆಗೆದುಕೊಂಡು ಓದಿದರು. ಮೊದಲ ಸಲ ಓದಿದಾಗಲೇ ಅವರಿಗೆ ಗೊತ್ತಾಯಿತು. ನಗು ಬಂತು. ಬಾಯಿಗೆ ಮತ್ತೆ ಸೂಜಿ ಸಿಕ್ಕಿಸಿಕೊಂಡರು.

“ನೀವು ಅಕ್ಷರದವರು. ನೀವು ಹೇಳಿದ ಮೇಲೆ ಮುಗೀತು” ಎಂದು ಹಲ್ಲಿನ ನಡುವಿನಿಂದಲೇ ಹೇಳಿದರು.

ಒತ್ತಕ್ಷರ ಕಾಗದವನ್ನು ಶರ್ಟಿನ ಜೇಬಿಗೆ, ಅಂಚು ಹೊರಗೆ ಕಾಣುವಂತೆ ಇಟ್ಟುಕೊಂಡು ಟೀ ಅಂಗಡಿಗೆ ಹೋದರು. ಅವರು ಯಾರಿಗೂ ತೋರಿಸಲು ಹೋಗಲಿಲ್ಲ. ಜೇಬಿನಿಂದ ಇಣುಕುವ ಪಟ್ಟೆ ಲಕೋಟೆಯನ್ನು ನೋಡಿ ಯಾರಾದರೂ ಕೇಳುವ ತನಕ ಸುಮ್ಮನೆ ಕೂತರು, ಅಷ್ಟೆ. ಟೀಯವನು ಕೇಳಿದ. ಕಾಗದ ಹೊರಬಂತು. ಟೀಯವನು ಓದಿ, “ದೊಡ್ಡ ಮನಸ್ಸು ಮಾಡಿ ಸ್ವಾಮಿ, ಕ್ಷಮಿಸಿಬಿಡಿ” ಎಂದ. ಒತ್ತಕ್ಷರ ಗಂಭೀರವಾಗಿ ಗ್ಲಾಸು ಕೆಳಗಿಟ್ಟು, “ನೋಡೋಣ” ಎಂದರು. ಅಷ್ಟು ರುಚಿಯಾದ ಟೀ ಅವರು ಎಂದೂ ಕುಡಿದಿರಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿದ್ದ ಟೈಪಿಸ್ಟ್ ಕೈ ಚಾಚಿದರು. ಅವರು ಕೋರ್ಟಿನ ಮುಂದೆ ಅರ್ಜಿ ಟೈಪು ಮಾಡಿ ಮಾಡಿ ಬೆರಳು ಸೊಟ್ಟ ಮಾಡಿಕೊಂಡವರು. ಒಂದು ಸಾಲಿಗೆ ಒಂದೇ ಅರ್ಥವಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

“ಮೊದಲನೇ ವಾಕ್ಯ ಸರಿ. ಎರಡನೇದು ಓದಿದ್ರಾ? ‘ನಿಮ್ಮ ಕ್ಷಮೆ ತಿಳಿಸಿ.’ ನಿಮ್ಮ, ಷಷ್ಠೀ ವಿಭಕ್ತಿ. ಕ್ಷಮೆ ಯಾರದ್ದು? ನಿಮ್ಮದು. ಅಂದ್ರೆ, ನಾವು ಕೇಳಿದ್ದಾಯ್ತು, ಈಗ ನೀವೂ ಕೇಳಿ ಅಂತ.”

“ಅದು ಹೇಗ್ರೀ ಆಗುತ್ತೆ? ನಿಮ್ಮ ಕ್ಷಮೆ ಅಂದ್ರೆ ನಾನು ಕೊಡೋ ಕ್ಷಮೆ!”

“ನೀವು ಕೊಡೋದೂ ಆಗುತ್ತೆ, ನೀವು ಕೇಳೋದೂ ಆಗುತ್ತೆ. ನನ್ನ ಸಾಲ ಅಂದ್ರೆ ನಾನು ಕೊಟ್ಟಿದ್ದಾ, ತಗೊಂಡಿದ್ದಾ? ಹೇಳಿ ನೋಡೋಣ.”

ಒತ್ತಕ್ಷರರ ಗ್ಲಾಸಿನಲ್ಲಿ ಅರ್ಧ ಟೀ ಹಾಗೆಯೇ ಉಳಿಯಿತು. ಒಂದು ವಾರ ಟೀ ಅಂಗಡಿಯಲ್ಲಿ ಎರಡು ಪಕ್ಷವಾಯಿತು, ಕೊಡುವ ಪಕ್ಷ ಮತ್ತು ಕೇಳುವ ಪಕ್ಷ. ಚಪ್ಪಲಿ ಹೊಲಿಯುವವನು, ಬೀಗ ರಿಪೇರಿಯವನು, ಬ್ಯಾಂಕಿನ ಕಾವಲುಗಾರ, ಎಲ್ಲರಿಗೂ ಒಂದೊಂದು ಅಭಿಪ್ರಾಯ. ಕಾಗದ ಕೈಯಿಂದ ಕೈಗೆ ದಾಟಿ ಮೂಲೆಯಲ್ಲಿ ಟೀ ಕಲೆ ಹತ್ತಿಸಿಕೊಂಡಿತು. ಇಷ್ಟು ಜನ ಇಷ್ಟು ದಿನ ಓದಿದರೂ, ಅದು ಎಂಟು ವರ್ಷದ ಹುಡುಗಿಯ ಕಾಗುಣಿತದ ತಪ್ಪಿರಬಹುದು ಎಂದು ಒಬ್ಬನೂ ಹೇಳಲಿಲ್ಲ. ಹೇಳಬಹುದಾದವರು ಅಲ್ಲಿದ್ದರಲ್ಲ, ಒತ್ತಕ್ಷರ! ಅವರೇ ಒಪ್ಪಿದ ಅಕ್ಷರವನ್ನು ಪ್ರಶ್ನಿಸುವ ಧೈರ್ಯ ಯಾರಿಗಿತ್ತು?

ಮನೆಯಲ್ಲಿ ಅವರು ಸಿಡಿಮಿಡಿಗುಟ್ಟತೊಡಗಿದರು.

“ನಾನ್ಯಾಕೆ ಕ್ಷಮೆ ಕೇಳ್ಲಿ? ಅಪ್ಪ ನಾನು!”

“ಕೇಳ್ಬೇಡಿ” ಎಂದರು ಛತ್ರಿಯಮ್ಮ.

“ನಾನೇನು ತಪ್ಪು ಮಾಡಿದೀನಿ?”

“ಏನೂ ಮಾಡಿಲ್ಲ. ಒಂದು ಬೋರ್ಡಿಗೆ ಬಣ್ಣ ಬಳಿದ್ರಿ. ಅದು ನಿಮ್ಮ ಕಸುಬು.”

ಒತ್ತಕ್ಷರ ಹೆಂಡತಿಯ ಮುಖವನ್ನೇ ನೋಡಿದರು. ಆಕೆ ಛತ್ರಿಯೊಂದನ್ನು ಬಿಚ್ಚಿ, ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದರು, ಮುಖ ಕಾಣಲಿಲ್ಲ.

ಎರಡು ದಿನ ಬಿಟ್ಟು ಅವರು ಉತ್ತರ ಬರೆಯಲು ಕೂತರು. ಜೀವನವಿಡೀ ಅಕ್ಷರ ಬರೆದವರು, ಆದರೆ ಕಾಗದ ಬರೆದವರಲ್ಲ. ಬೇರೆ ಊರುಗಳಲ್ಲಿ ಗೋಡೆ ಬರೆಯಲು ಹೋಗುತ್ತಿದ್ದ ಕಾಲದಲ್ಲೂ ಹೆಂಡತಿಗೆ ‘ತಲುಪಿದೆ. ಆರೋಗ್ಯ’ ಎಂಬೆರಡು ಪದಗಳಿಗಿಂತ ಹೆಚ್ಚು ಬರೆದವರಲ್ಲ. ಚಾರ್ಟ್ ಹಾಳೆ ಹಾಸಿ, ಸ್ಕೇಲಿನಲ್ಲಿ ಗೆರೆ ಎಳೆದು, ಎರಡೂ ಬದಿ ಸಮ ಅಂಚು ಬಿಟ್ಟು, ಕರಿ ಮಸಿಯಲ್ಲಿ ಚಪ್ಪಟೆ ಕುಂಚದಿಂದ ಬರೆದರು:

“ಕ್ಷಮಿಸಲಾಗಿದೆ.”

ಛತ್ರಿಯಮ್ಮ ಬಗ್ಗಿ ನೋಡಿದರು. “ಇದು ಕಾಗದಾನಾ, ಗೇಟಿಗೆ ನೇತುಹಾಕೋ ಬೋರ್ಡಾ? ಕೆಳಗೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಅಂತಾನೂ ಸೇರಿಸಿಬಿಡಿ.”

“ಮತ್ತೆ ಹೇಗೆ ಬರೀಬೇಕು?”

“ಮಗು ಹೇಗೆ ಬರೆದಿದೆ? ಮೊದಲು ಪ್ರೀತಿಯಿಂದ ಕರೆದಿದೆ. ಆಮೇಲೆ ನಮಸ್ಕಾರ ಹೇಳಿದೆ. ಆಮೇಲೆ ತಾನೇ ವಿಷಯಕ್ಕೆ ಬಂದಿದ್ದು? ನೀವು ನೇರ ತೀರ್ಪಿಗೇ ಕೂತ್ರಿ.”

ಇನ್ನೊಂದು ಹಾಳೆ ಬಂತು. “ಚಿರಂಜೀವಿ ಪುಟ್ಟಿಗೆ ನಿನ್ನ ತಾತ ಮಾಡುವ ಆಶೀರ್ವಾದಗಳು” ಎಂದು ಬರೆದರು. ಪ್ರೀತಿಯ ಎಂದು ಸೇರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಚಿರಂಜೀವಿಯ ಮುಂದೆ ಜಾಗ ಸಾಲದೆಂದು ಬಿಟ್ಟರು. ಆಮೇಲೆ ಜಾಗ ಧಾರಾಳವಾಗಿದೆ ಎಂದು ಹೆಂಡತಿ ತೋರಿಸಿದ ಮೇಲೆ ಸಣ್ಣದಾಗಿ ಸೇರಿಸಿದರು. ಒತ್ತು ಸರಿಯಾಗಿ ಹಾಕಿದರು.

ಕ್ಷೇಮದ ಸಾಲು ಅವರಿಗೆ ನೆನಪಿಗೆ ಬರಲಿಲ್ಲ. ಬಂದಿದ್ದರೆ ಅವರೇ ಆ ಪದವನ್ನು ಬರೆಯಬೇಕಾಗುತ್ತಿತ್ತು, ಬರೆದ ಕೈಗೆ ಎಲ್ಲವೂ ತಿಳಿದುಬಿಡುತ್ತಿತ್ತು. ಛತ್ರಿಯಮ್ಮ ಅದನ್ನು ಜ್ಞಾಪಿಸಲಿಲ್ಲ. “ಮಗುವಿನ ಕಾಗದದ ಪ್ರಕಾರವೇ ಹೋಗಿ” ಎಂದರು. ಮಗುವಿನ ಕಾಗದದಲ್ಲಿ ಕ್ಷೇಮ ಇರಲಿಲ್ಲವಲ್ಲ.

ಮುಂದಿನದು ಅವರೊಬ್ಬರೇ ಬರೆದರು. ಹೆಂಡತಿಗೆ ತೋರಿಸಲಿಲ್ಲ. ಮಸಿ ಒಣಗಲೆಂದು ಅವರು ಕಿಟಕಿಗೆ ಸಿಕ್ಕಿಸಿದ್ದಾಗ ಛತ್ರಿಯಮ್ಮ ಓದಿದರು:

“ನನಗೆ ಗೋಡೆಯ ಮೇಲೆ ಬರೆದದ್ದಕ್ಕೆ ಯಾರೂ ಬಯ್ಯುವುದಿಲ್ಲ. ಬೇರೆ ಕಾರಣಕ್ಕೆ ನಿಮ್ಮಜ್ಜಿ ಬಯ್ಯುತ್ತಾಳೆ. ನಿಮ್ಮ ಅಮ್ಮ ಕೇಳಿದ ಕ್ಷಮೆ ನನಗೆ ತಲುಪಿತು. ಆ ವಿಷಯ ಅಲ್ಲಿಗೆ ಬಿಟ್ಟಿದ್ದೇನೆ ಎಂದು ಹೇಳು. ನನ್ನ ಕ್ಷಮೆ ತಿಳಿಸಿ ಎಂದು ಬರೆದಿದ್ದೀಯ. ಅದಕ್ಕೆ ಎರಡು ಅರ್ಥ ಇದೆಯಂತೆ. ಎರಡನ್ನೂ ತಿಳಿಸುತ್ತಿದ್ದೇನೆ. ಆವತ್ತು ನಾನು ಬೋರ್ಡಿನ ಮೇಲೆ ಬಣ್ಣ ಬಳಿಯಬಾರದಿತ್ತು. ಬಳಿದದ್ದು ಒಂದು ಕೋಟು. ಒಳಗಿನ ಅಕ್ಷರ ಈಗಲೂ ಸಂಜೆ ಬಿಸಿಲಿಗೆ ಕಾಣುತ್ತದೆ. ಇದನ್ನೂ ನಿಮ್ಮ ಅಮ್ಮನಿಗೆ ಹೇಳು. ಆನೆಗೆ ಹೊಟ್ಟೆ ಇಲ್ಲದಂತೆ ಮಾಡಬಾರದು, ಬಾಗಿಲು ಎಲ್ಲಿ ಬರುತ್ತದೆ ಎಂದು ಮೊದಲೇ ಅಳತೆ ತೆಗೆದುಕೊಳ್ಳಬೇಕು ಎಂದು ಸಹ ಹೇಳು.”

ಅಂಚೆ ಕಚೇರಿಯ ಗುಮಾಸ್ತೆ ಆ ಹಲಗೆಯಂಥ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು, “ಒಳಗೆ ಏನಿದೆ?” ಎಂದು ಕೇಳಿದಳು. “ಕಾಗದ” ಎಂದರು ಒತ್ತಕ್ಷರ. “ಹೇಳಿದ್ರೆ ನಂಬಬೇಕು” ಎನ್ನುತ್ತ ಅವಳು ಚೀಟಿ ಅಂಟಿಸಿದಳು.

ಕಾಗದ ತಲುಪಿದ ದಿನ ಮಗಳು ಫೋನು ಮಾಡಿದಳು. ಒತ್ತಕ್ಷರ ಶಾಲೆಯೊಂದರ ಕಾಂಪೌಂಡ್ ಬರೆಯಲು ಹೋಗಿದ್ದರು.

“ಅಮ್ಮ, ಅಪ್ಪನಿಗೆ ಏನಾಗಿದೆ? ನನ್ನನ್ನ ಕ್ಷಮಿಸಿದಾರಂತೆ! ನಾನು ಯಾವಾಗ ಕೇಳಿದೆ?”

“ಪುಟ್ಟಿ ಕೇಳಿದಾಳೆ.”

“ಪುಟ್ಟಿನಾ? ಏ ಪುಟ್ಟಿ, ಬಾ ಇಲ್ಲಿ. ತಾತನಿಗೆ ಏನ್ ಬರೆದೆ?” ಆಚೆಯಿಂದ ಮಗು ತನ್ನ ಕ್ಲಾಸಿನ ಪುಸ್ತಕದಿಂದ ಗಟ್ಟಿಯಾಗಿ ಓದಿತು. ನಾವೆಲ್ಲ ಇಲ್ಲಿ ಕ್ಷಮೆ. ಟೀಚರ್ ಆಮೇಲೆ ಕೆಂಪು ಮಸಿಯಲ್ಲಿ ಸುತ್ತು ಹಾಕಿದ್ದಾರೆ ಎಂದೂ ಹೇಳಿತು.

ತಾಯಿ ಮಗಳು ಇಬ್ಬರೂ ನಕ್ಕರು. ಛತ್ರಿಯಮ್ಮನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಆಚೆ ಕಡೆ ಅದಕ್ಕೂ ಮೊದಲೇ ನಗು ನಿಂತುಹೋಗಿತ್ತು.

“ಅಮ್ಮ, ಬಳಿಯಬಾರದಿತ್ತು ಅಂತ ಬರೆದಿದಾರೆ.”

“ಓದಿದೆ.”

“ಅಪ್ಪ ಯಾವತ್ತಾದ್ರೂ ಯಾರ ಹತ್ರಾನಾದ್ರೂ ಹಾಗೆ ಹೇಳಿದಾರಾ?”

“ನನ್ನ ಹತ್ರ ಅಂತೂ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೆ ಒಂದು ಸಿಗಬಾರದಿತ್ತಾ?”

ಮಗಳು ಹೇಳಿದಳು, “ಆದ್ರೆ ನಾನು ಕ್ಷಮೆ ಕೇಳಿದೆ ಅಂತ ಅವರು ಅಂದ್ಕೊಂಡಿದಾರಲ್ಲ. ನಾನು ಕೇಳಿಲ್ಲ, ಕೇಳೋದೂ ಇಲ್ಲ. ಮಿಷಿನ್ ತಗೊಳ್ಳಿ ಅಂದಿದ್ದು ತಪ್ಪಾ?”

“ತಪ್ಪಲ್ಲ. ಆದ್ರೆ ಈಗ ಹೋಗಿ ಅದನ್ನ ಹೇಳಿದ್ರೆ ಅವರ ಕ್ಷಮೆ ವಾಪಸ್ ತಗೋತಾರೆ. ಒಂದು ಸಲ ಕೊಟ್ಟಿದಾರೆ, ಇಟ್ಕೋ.”

“ಸುಳ್ಳು ಹೇಳಲ್ಲಮ್ಮ ನಾನು.”

“ಸುಳ್ಳು ಯಾರು ಹೇಳು ಅಂದ್ರು? ಉತ್ತರ ಬರಿ ಅಷ್ಟೆ.”

ಮಗಳು ಬರೆದಳು. ಮನೆ ಬಿಟ್ಟ ಮೇಲೆ ಅಪ್ಪನಿಗೆ ಬರೆದ ಮೊದಲ ಕಾಗದ. ಒತ್ತಕ್ಷರ ಈ ಸಲ ಲಕೋಟೆಯನ್ನು ಯಾರ ಕಡೆಗೂ ತಳ್ಳಲಿಲ್ಲ. ಬಾಗಿಲ ಬಳಿ, ಬೆಳಕು ಬೀಳುವಲ್ಲಿ ಸ್ಟೂಲು ಎಳೆದುಕೊಂಡು ಕೂತು ಒಡೆದರು.

“ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ತಿಳಿಸಿ ಪತ್ರ ಬರೆಯಿರಿ...”

ಅವರು ಅಲ್ಲಿಗೇ ನಿಂತರು. ಮಗಳ ಅಕ್ಷರವನ್ನು ಕಲಿಸಿದ್ದೇ ಅವರು. ಕ್ಷದ ತಲೆಯ ಮೇಲೆ ಏತ್ವ, ಅದರ ಪಕ್ಕ ಬಿಡಿಸಿ ಎಳೆದ ದೀರ್ಘ, ದೂರದಿಂದಲೂ ತಪ್ಪಿಲ್ಲದೆ ಓದಿಸಿಕೊಳ್ಳುವಂತೆ. ಅದೇ ಸಾಲು. ಅದೇ ಪದಗಳು, ಅದೇ ಅನುಕ್ರಮ. ಜೇಬಿನಿಂದ ಟೀ ಕಲೆಯ ಹಾಳೆ ತೆಗೆದರು. ಎರಡನ್ನೂ ಮೊಣಕಾಲ ಮೇಲೆ ಜೋಡಿಸಿಟ್ಟುಕೊಂಡರು. ಒಂದರಲ್ಲಿ ಕ್ಷೇಮ, ಇನ್ನೊಂದರಲ್ಲಿ ಕ್ಷಮೆ.

ಅವರ ಕಿವಿ ಕೆಂಪಾಯಿತು ಎಂದು ಛತ್ರಿಯಮ್ಮ ಹೇಳುತ್ತಾರೆ. ಮೊದಲು ಕಿವಿ, ಆಮೇಲೆ ಕತ್ತು. ಮೊಮ್ಮಗಳ ಹಾಳೆಯ ಮೇಲೆ ಬೆರಳು ಇಟ್ಟು, ಮಕ್ಕೆ ಹತ್ತಿದ್ದ ಏತ್ವವನ್ನು ಕ್ಷದ ಕಡೆಗೆ ಮೆಲ್ಲಗೆ ಸರಿಸಿ ನೋಡಿದರಂತೆ, ಅದು ಸರಿಯುವ ವಸ್ತುವೇನೋ ಎಂಬಂತೆ.

“ಇದು ನಿನಗೆ ಗೊತ್ತಿತ್ತಾ?” ಎಂದು ಕೇಳಿದರು.

“ಯಾವುದು?” ಛತ್ರಿಯಮ್ಮನ ಬಾಯಲ್ಲಿ ಆಗ ಸೂಜಿಯೂ ಇರಲಿಲ್ಲ.

ಅವರು ಹೆಂಡತಿಯನ್ನೇ ನೋಡಿದರು. ತಾನು ಇನ್ನೊಮ್ಮೆ ಕೇಳಿದರೆ ಆಕೆ ಹೇಳುತ್ತಾಳೆ, ಹೇಳಿದರೆ ತಾನು ಏನಾದರೂ ಮಾಡಬೇಕಾಗುತ್ತದೆ, ಎಂಬುದು ಅವರಿಗೂ ಹೊಳೆದಿರಬೇಕು. “ಏನಿಲ್ಲ” ಎಂದು ಮುಂದೆ ಓದಿದರು.

ಮಗಳು ಸುಳ್ಳು ಬರೆದಿರಲಿಲ್ಲ. ಕ್ಷಮೆಯ ಮಾತನ್ನು ಎತ್ತಿರಲಿಲ್ಲ. ‘ನೀವು ಬಣ್ಣದ ವಿಷಯ ಬರೆದಿದ್ದನ್ನು ಮತ್ತೆ ಮತ್ತೆ ಓದಿದೆ. ಪುಟ್ಟಿಗೆ ಓದಿ ಹೇಳಲು ಹೋದೆ, ಆಗಲಿಲ್ಲ, ಅವಳ ಅಪ್ಪ ಓದಿದರು. ಆನೆಯ ಹೊಟ್ಟೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ, ಆದರೆ ಅಳತೆ ತೆಗೆದವಳು ನಾನಲ್ಲ’ ಎಂದು ಬರೆದಿದ್ದಳು.

ಟೀ ಅಂಗಡಿಯಲ್ಲಿ ಟೈಪಿಸ್ಟ್ ಕಾಯುತ್ತಿದ್ದರು. “ಏನಾಯ್ತು? ಕೊಡೋದಾ, ಕೇಳೋದಾ?”

“ಇತ್ಯರ್ಥ ಆಯ್ತು” ಎಂದರು ಒತ್ತಕ್ಷರ.

“ಹೇಗೆ?”

“ಅಕ್ಷರದ ವಿಷಯ. ನಿಮಗೆ ಅರ್ಥ ಆಗಲ್ಲ.”

ಮೊಮ್ಮಗಳ ಆ ಕಾಗದವನ್ನು ಅವರು ಆಮೇಲೆ ಯಾರ ಕೈಗೂ ಕೊಡಲಿಲ್ಲ. ತಿದ್ದಲೂ ಇಲ್ಲ.

ಮುಂದಿನ ವಾರ ಫೋನು ಬಂದಾಗ ಛತ್ರಿಯಮ್ಮ ಕೈಯಲ್ಲಿ ಛತ್ರಿ ಕಡ್ಡಿ ಇದೆ ಎಂದು ನೆಪ ಹೇಳಿ ಫೋನನ್ನು ಗಂಡನ ಕೈಗೆ ಕೊಟ್ಟರು. ಇವರು ಅದನ್ನು ಒದ್ದೆ ಬಣ್ಣದ ಡಬ್ಬದಂತೆ ದೂರಕ್ಕೆ ಹಿಡಿದುಕೊಂಡರು. ಪರದೆಯಲ್ಲಿ ಮಗಳ ಮುಖ, ಇವರದು ಹಣೆ ಮಾತ್ರ.

“ಅಪ್ಪ, ಚೆನ್ನಾಗಿದೀರಾ?”

“ಹ್ಞೂಂ. ನೀನು?”

“ಚೆನ್ನಾಗಿದೀನಿ.”

ಇಷ್ಟಕ್ಕೆ ಇಬ್ಬರ ಸರಕೂ ಮುಗಿಯಿತು. ಮಗು ನಡುವೆ ನುಗ್ಗಿ ಬಿದ್ದ ಹಲ್ಲಿನ ಜಾಗ ತೋರಿಸಿತು. ಆಮೇಲೆ ಮಗಳು, ಮಾತಿಗೆ ಏನಾದರೂ ಬೇಕಲ್ಲ ಎಂದು, ತಾನು ಹೊಸದಾಗಿ ಅಂಟಿಸಿದ ಬಸ್ಸಿನ ಕಡೆ ಫೋನು ತಿರುಗಿಸಿದಳು. ಬಸ್ಸಿನ ಉದ್ದಕ್ಕೂ ದೊಡ್ಡ ಅಕ್ಷರಗಳು. ಒತ್ತಕ್ಷರ ಫೋನನ್ನು ಹತ್ತಿರಕ್ಕೆ ತಂದರು. ಕಣ್ಣು ಕಿರಿದಾಯಿತು.

“ಅಲ್ಲಿ ಎರಡನೇ ಅಕ್ಷರಕ್ಕೂ ಮೂರನೇದಕ್ಕೂ ನಡುವೆ ಅಷ್ಟು ಜಾಗ ಯಾಕೆ ಬಿಟ್ಟಿದೀಯ?”

“ಅದು ಕಂಪ್ಯೂಟರ್ ಬಿಟ್ಟಿರೋದು ಅಪ್ಪ.”

“ಕಂಪ್ಯೂಟರ್‌ಗೆ ಕಣ್ಣಿದೆಯಾ? ನಿನಗೆ ಇದೆ ತಾನೇ?”

“ಆ ಜಾಗ ಸರಿಯಾಗೇ ಇದೆ. ಬಸ್ಸು ಓಡ್ತಾ ಇರುವಾಗ ಓದ್ಬೇಕು ಅಂದ್ರೆ ಅಷ್ಟು ಬೇಕು. ನಿಮ್ಮ ಗೋಡೆ ಥರ ನಿಂತಿರಲ್ಲ ಅದು!”

“ಗೋಡೆ ನಿಂತಿರುತ್ತೆ, ನೋಡೋನು ಓಡ್ತಿರ್ತಾನೆ! ಎರಡೂ ಒಂದೇ! ಇಷ್ಟೂ ಗೊತ್ತಿಲ್ವಾ? ನಾನು ಕಲಿಸಿದ್ದೇನು, ನೀನು ಮಾಡ್ತಿರೋದೇನು?”

“ನೀವು ಕಲಿಸಿದ ಹಾಗೆ ಮಾಡಿದ್ರೆ ಕಂಪನಿಯಿಂದ ಓಡಿಸ್ತಾರೆ!”

ದನಿ ರಸ್ತೆಯ ಆಚೆ ಬದಿಗೂ ಕೇಳಿಸಿತು. ಟೀಯವನು ಹೊರಗೆ ಬಂದು ನಿಂತ. ಬೀಗದವನು, “ಮತ್ತೆ ಜಗಳಾನಾ ಅಮ್ಮ? ನಾನೊಂದು ಮಾತು ಹೇಳಿ ಬಿಡಿಸ್ಲಾ?” ಎಂದು ಛತ್ರಿಯಮ್ಮನನ್ನು ಕೇಳಿದ.

“ಹತ್ರ ಬಂದ್ರೆ ನೋಡು” ಎಂದರು ಛತ್ರಿಯಮ್ಮ, ಕಡ್ಡಿಗೆ ದಾರ ಬಿಗಿಯುತ್ತ. “ಇಷ್ಟು ವರ್ಷದ ಬಾಕಿ ಇದೆ. ತೀರಲಿ.”